ಎರಡು ‘ಣಿ’ಗಳ ಸಾಕ್ಷ್ಯ

ಅಂಗಡಿಯ ನಾಮಫಲಕದ ಛಾಯಾಚಿತ್ರವೊಂದನ್ನು ಮುಂದಿಟ್ಟುಕೊಂಡು ಅದರ ಬರಹ ಯಾವ ಫಾಂಟಿನದೆಂದು ಗುರುತಿಸುವುದು ಅಕ್ಷರಗಳ ಒಟ್ಟಂದವನ್ನು ನೋಡಿ ಆಗುವ ಕೆಲಸವಲ್ಲ. ಫಾಂಟ್ ಎಂದರೆ ಒಂದೇ ಲಕ್ಷಣಕ್ಕೆ ಒಳಪಟ್ಟು ರೂಪುಗೊಂಡ ಅಕ್ಷರಗಳ ಸಮೂಹ. ಆ ಲಕ್ಷಣವು ಅಕ್ಷರದ ನಡುಭಾಗದಲ್ಲಿ ಅಡಗಿರುವುದಕ್ಕಿಂತ ರೇಖೆ ಮುಗಿಯುವ ತುದಿಯಲ್ಲಿ, ರೇಖೆ ಬಳಸಿಕೊಂಡು ಬರುವ ಹೊಟ್ಟೆಯಲ್ಲಿ, ಎರಡು ರೇಖೆಗಳು ಕೂಡುವ ಸಂದಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಕನ್ನಡದಲ್ಲಿ ಈ ಭಾಗಗಳಿಗೆ ಹೊಸ ಹೆಸರುಗಳನ್ನು ಹುಡುಕಬೇಕಾದ ಅಗತ್ಯವೂ ಹೆಚ್ಚಾಗಿಲ್ಲ. ತಲಕಟ್ಟು, ಗುಡಿಸು, ಕೊಂಬು, ಸೊನ್ನೆ, ಒತ್ತು ಎಂದು ಶಾಲೆಯ ಮಕ್ಕಳು ಕಲಿಯುವ ಹೆಸರುಗಳೇ ಇಲ್ಲಿ ಪರಿಶೀಲನೆಯ ಸಾಧನಗಳಾಗುತ್ತವೆ.

ಪರಿಶೀಲನೆಗೆ ಒಂದು ಮಾದರಿ ಫಲಕವನ್ನು ಕಲ್ಪಿಸಿಕೊಳ್ಳಬಹುದು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ದಡದಲ್ಲಿರುವ ತಿಂಥಣಿಯು ಮೌನೇಶ್ವರರ ಕ್ಷೇತ್ರವಾದುದರಿಂದ ಅಲ್ಲಿನ ಅಂಗಡಿಯೊಂದರ ಮೇಲೆ ‘ಶ್ರೀ ಮೌನೇಶ್ವರ ಕಿರಾಣಿ ಅಂಗಡಿ, ತಿಂಥಣಿ’ ಎಂದು ಬರೆದಿರುವುದು ಸಹಜವೇ ಸರಿ. ಅಕ್ಷರಗಳನ್ನು ಗುರುತಿಸುವವರಿಗೆ ಇಷ್ಟು ಅನುಕೂಲವಾದ ಸಾಲು ಅಪರೂಪ. ಇದರಲ್ಲಿ ‘ಣಿ’ ಎಂಬ ಅಕ್ಷರ ಕಿರಾಣಿಯಲ್ಲೊಮ್ಮೆ, ತಿಂಥಣಿಯಲ್ಲೊಮ್ಮೆ ಬರುತ್ತದೆ. ಸೊನ್ನೆಯೂ ಅಂಗಡಿಯಲ್ಲೊಂದು, ತಿಂಥಣಿಯಲ್ಲೊಂದು ಎಂದು ಎರಡು ಸಲ ಬರುತ್ತದೆ. ಎರಡು ಬಗೆಯ ಒತ್ತುಗಳಿವೆ. ಒಳಗೆ ಚುಕ್ಕೆಯಿರುವ ಥಕಾರವಿದೆ.

ಮೊದಲ ಪ್ರಶ್ನೆ ಯಾವ ಫಾಂಟ್ ಎಂಬುದಲ್ಲ, ಇದು ಫಾಂಟೇ ಹೌದೋ ಅಲ್ಲವೋ ಎಂಬುದು. ಕುಂಚ ಹಿಡಿದು ಬರೆಯುವ ಪೇಂಟರ್ ಎಷ್ಟೇ ಪಳಗಿದವನಾದರೂ ಅವನ ಎರಡು ‘ಣಿ’ಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರಲಾರವು, ಒಂದರ ಎಡ ಸುರುಳಿ ತುಸು ಒಳಗೆ ಬಾಗಿದರೆ ಇನ್ನೊಂದರ ಗುಡಿಸು ತುಸು ಮೇಲೇರಿರುತ್ತದೆ. ಅಷ್ಟಲ್ಲದೆ ಪೇಂಟರ್ ಜಾಗವನ್ನು ನೋಡಿಕೊಂಡು ಬರೆಯುತ್ತಾನೆ, ಸಾಲಿನ ಕೊನೆಯಲ್ಲಿ ಫಲಕ ಮುಗಿಯುತ್ತ ಬಂದರೆ ಅಕ್ಷರಗಳನ್ನು ಇಕ್ಕಟ್ಟು ಮಾಡುತ್ತಾನೆ, ಒತ್ತಕ್ಷರಕ್ಕೆ ಕೆಳಗೆ ಎಡೆಯಿದ್ದರೆ ಅದನ್ನು ಧಾರಾಳವಾಗಿ ಬೆಳೆಸುತ್ತಾನೆ. ಆದುದರಿಂದ ಎರಡೂ ‘ಣಿ’ಗಳನ್ನು ಚಿತ್ರದಿಂದ ಕತ್ತರಿಸಿ ತೆಗೆದು, ಊರಿನ ಹೆಸರು ಚಿಕ್ಕ ಗಾತ್ರದಲ್ಲಿದ್ದರೆ ಅದನ್ನು ಹಿಗ್ಗಿಸಿ ಎತ್ತರವನ್ನು ಸಮ ಮಾಡಿ, ಒಂದರ ಮೇಲೊಂದು ಇಟ್ಟು ನೋಡಬೇಕು. ಅಂಚು ಅಂಚಿಗೆ ಕೂಡಿದರೆ ಅದು ಯಂತ್ರದಿಂದ ಬಂದ ಅಕ್ಷರ. ಕೂಡದಿದ್ದರೆ, ಚಿತ್ರದ ದೋಷವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಅಲ್ಲಿಗೆ ಫಾಂಟಿನ ಹುಡುಕಾಟವನ್ನು ನಿಲ್ಲಿಸುವುದೇ ಸರಿಯಾದ ಮಾರ್ಗ.

ಚಿತ್ರದ ದೋಷವೆಂದರೆ ಸಾಮಾನ್ಯವಾಗಿ ಎರಡು. ಫಲಕವು ಎತ್ತರದಲ್ಲಿದ್ದು ಕ್ಯಾಮೆರಾ ಕೆಳಗಿರುವುದರಿಂದ ಅಕ್ಷರಗಳು ಮೇಲಕ್ಕೆ ಹೋದಂತೆ ಕಿರಿದಾಗುತ್ತವೆ. ಮೊಬೈಲನ್ನು ತೀರ ಹತ್ತಿರ ಹಿಡಿದರೆ ಫಲಕದ ಎರಡು ತುದಿಗಳ ಅಕ್ಷರಗಳು ಹಿಗ್ಗುತ್ತವೆ. ಮೊದಲನೆಯದನ್ನು ಫಲಕದ ನಾಲ್ಕು ಮೂಲೆಗಳು ಆಯತಾಕಾರಕ್ಕೆ ಬರುವಂತೆ ಚಿತ್ರವನ್ನು ಎಳೆದು ತಿದ್ದಬಹುದು. ಎರಡನೆಯದಕ್ಕೆ ಹಿಂದೆ ಸರಿದು ನಿಂತು ಮತ್ತೊಮ್ಮೆ ಚಿತ್ರ ತೆಗೆಯುವುದೇ ಮೇಲು. ಚಿತ್ರದ ಸೂಕ್ಷ್ಮತೆಗೂ ಒಂದು ಮಿತಿಯಿದೆ. ರೇಖೆಯ ದಪ್ಪವು ಅಕ್ಷರದ ಎತ್ತರದ ಎಂಟನೆಯ ಒಂದು ಭಾಗವೆಂದು ಎಣಿಸಿದರೆ, 100 ಪಿಕ್ಸೆಲ್ ಎತ್ತರದ ಅಕ್ಷರದಲ್ಲಿ ರೇಖೆಯ ಪಾಲಿಗೆ ಸುಮಾರು 12 ಪಿಕ್ಸೆಲ್‌ಗಳು ಬರುತ್ತವೆ, ಅದರ ತುದಿ ದುಂಡಗಿದೆಯೋ ಕತ್ತರಿಸಿದಂತಿದೆಯೋ ಎಂಬುದು ತಿಳಿಯುತ್ತದೆ. ಅದೇ ಅಕ್ಷರ 30 ಪಿಕ್ಸೆಲ್ ಎತ್ತರವಿದ್ದರೆ ರೇಖೆಗೆ ನಾಲ್ಕು ಪಿಕ್ಸೆಲ್‌ಗಳಷ್ಟೇ ದಕ್ಕುತ್ತವೆ, ಆಗ ಎಲ್ಲ ತುದಿಗಳೂ ದುಂಡಗೆ ಕಾಣುತ್ತವೆ. ಬಹಳಷ್ಟು ತಪ್ಪು ತೀರ್ಮಾನಗಳು ಹುಟ್ಟುವುದು ಇಂಥ ಮಸುಕಾದ ಚಿತ್ರಗಳಿಂದಲೇ.

ಇದಾದ ಮೇಲೆ ಫ್ಲೆಕ್ಸ್ ಮುದ್ರಣದ ಅಂಗಡಿಯಲ್ಲಿ ಅಕ್ಷರಕ್ಕೆ ಏನೇನು ಮಾಡಲಾಗಿದೆ ಎಂಬುದನ್ನು ಕಂಡುಹಿಡಿಯಬೇಕು. ಫಲಕದ ಅಗಲವನ್ನು ತುಂಬಿಸಲು ಸಾಲನ್ನು ಅಡ್ಡಕ್ಕೆ ಹಿಗ್ಗಿಸುವುದು ಅಲ್ಲಿ ದಿನನಿತ್ಯದ ಕೆಲಸ. ಇದನ್ನು ಪತ್ತೆಹಚ್ಚಲು ಸೊನ್ನೆಗಿಂತ ಒಳ್ಳೆಯ ಅಳತೆಗೋಲಿಲ್ಲ, ಏಕೆಂದರೆ ಹಲವು ಫಾಂಟುಗಳಲ್ಲಿ ಸೊನ್ನೆಯು ದುಂಡಗೆ ಅಥವಾ ದುಂಡಿಗೆ ಬಹಳ ಹತ್ತಿರವಾಗಿ ಇರುತ್ತದೆ. ಮಾದರಿ ಫಲಕದ ಸೊನ್ನೆಯ ಎತ್ತರ 40 ಪಿಕ್ಸೆಲ್, ಅಗಲ 50 ಪಿಕ್ಸೆಲ್ ಎಂದಾದರೆ ಸಾಲನ್ನು ಕಾಲು ಭಾಗದಷ್ಟು ಹಿಗ್ಗಿಸಿರಬಹುದೆಂಬ ಅನುಮಾನಕ್ಕೆ ಆಧಾರ ದೊರೆಯುತ್ತದೆ. ಅನುಮಾನವನ್ನು ದೃಢಪಡಿಸಿಕೊಳ್ಳಲು ಸೊನ್ನೆಯ ರೇಖೆಯ ದಪ್ಪವನ್ನೇ ನೋಡಬೇಕು: ಎಡಬಲಗಳಲ್ಲಿ ರೇಖೆ ದಪ್ಪವಾಗಿ, ಮೇಲೆ ಕೆಳಗೆ ಅದೇ ಪ್ರಮಾಣದಲ್ಲಿ ತೆಳುವಾಗಿದ್ದರೆ ಹಿಗ್ಗಿಸಿದ್ದು ನಿಜ, ಸುತ್ತಲೂ ಒಂದೇ ದಪ್ಪವಿದ್ದು ಆಕಾರ ಮಾತ್ರ ಅಗಲವಾಗಿದ್ದರೆ ಅದು ಅಗಲವಾಗಿಯೇ ರಚಿತವಾದ ಅಕ್ಷರ. ಏಕ್ ಟೈಪ್ ಸಂಸ್ಥೆಯ ಅನೇಕ್ ಕನ್ನಡ ಎಂಬ ಫಾಂಟಿನಲ್ಲಿ ಇಕ್ಕಟ್ಟಾದ ರೂಪದಿಂದ ವಿಶಾಲವಾದ ರೂಪದವರೆಗೆ ಬೇರೆ ಬೇರೆ ಅಗಲಗಳು ಇರುವುದರಿಂದ ಈ ಎಚ್ಚರಿಕೆ ಅವಶ್ಯ. ಹಿಗ್ಗಿಸಿದ್ದೆಂದು ಖಚಿತವಾದರೆ ಚಿತ್ರದ ಅಗಲವನ್ನು ಐದರಲ್ಲಿ ನಾಲ್ಕು ಪಾಲಿಗೆ ಇಳಿಸಿಕೊಂಡು ಮುಂದುವರಿಯಬೇಕು.

ಈಗ ತುದಿಗಳ ಸರದಿ. ಮಾದರಿ ಸಾಲಿನಲ್ಲಿ ತಲಕಟ್ಟು ಪೂರ್ಣವಾಗಿ ಕಾಣುವುದು ಶ್ವ, ರ, ಗ, ಥ ಎಂಬ ಅಕ್ಷರಗಳಲ್ಲಿ. ಕಿ, ತಿ, ಡಿಗಳಲ್ಲಿ ಅದರ ಜಾಗವನ್ನು ಗುಡಿಸು ಆಕ್ರಮಿಸುತ್ತದೆ. ತಲಕಟ್ಟಿನ ಬಲತುದಿ ನೇರವಾಗಿ ಕತ್ತರಿಸಿದಂತಿದೆಯೋ, ಓರೆಯಾಗಿ ಕಡಿದಂತಿದೆಯೋ, ಬೆರಳ ತುದಿಯಂತೆ ದುಂಡಗಿದೆಯೋ, ಇಲ್ಲವೇ ತೆಳುವಾಗುತ್ತ ಮೊನಚಾಗುತ್ತದೆಯೋ ಎಂಬ ಒಂದೇ ಪ್ರಶ್ನೆ ಫಾಂಟುಗಳ ದೊಡ್ಡ ರಾಶಿಯನ್ನು ನಾಲ್ಕಾಗಿ ಒಡೆಯುತ್ತದೆ. ಇದರ ಜೊತೆಗೆ ರೇಖೆಯ ದಪ್ಪ ಒಂದೇ ಸಮನಾಗಿದೆಯೋ ಏರಿಳಿಯುತ್ತದೆಯೋ ಎಂಬುದನ್ನು ಸೇರಿಸಿಕೊಂಡರೆ ರಾಶಿ ಇನ್ನಷ್ಟು ಕಿರಿದಾಗುತ್ತದೆ. ಟಿರೊ ಕನ್ನಡ, ನೋಟೊ ಸೆರಿಫ್ ಕನ್ನಡದಂಥ ಪುಸ್ತಕದ ಅಕ್ಷರಗಳಲ್ಲಿ ರೇಖೆ ದಪ್ಪ ತೆಳುವಾಗಿ ಹರಿಯುತ್ತದೆ. ನೋಟೊ ಸ್ಯಾನ್ಸ್ ಕನ್ನಡದಲ್ಲಿ ಅದು ಬಹುಮಟ್ಟಿಗೆ ಸಮನಾಗಿರುತ್ತದೆ. ಹುಬ್ಬಳ್ಳಿ ಎಂಬ ಹೆಸರಿನ ಫಾಂಟಿನಲ್ಲಿ ಸಮನಾದ ದಪ್ಪದ ಒಂದೇ ತೂಕವಿದೆ. ಬಲೂ ತಮ್ಮ ಎಂಬುದರಲ್ಲಿ ರೇಖೆ ದಪ್ಪವಾಗಿದ್ದು ತುದಿಗಳು ದುಂಡಗಿರುತ್ತವೆ. ತೂಕವೆಂದರೆ ಇಲ್ಲಿ ಅಕ್ಷರದ ರೇಖೆಗೆ ರಚನಕಾರರು ಕೊಟ್ಟ ದಪ್ಪದ ಮಟ್ಟ.

ತಲಕಟ್ಟು ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ, ಯುನಿಕೋಡ್ ಕ್ರಮಕ್ಕೆ ಹೊರತಾದ ಸಂಕೇತ ವ್ಯವಸ್ಥೆಯಿರುವುದರಿಂದ, ‘ಕ’ ಎಂಬುದು ಒಂದು ಇಡಿಯ ಆಕಾರವಲ್ಲ. ಅಕ್ಷರದ ಒಡಲು ಒಂದು ತುಂಡು, ತಲಕಟ್ಟು ಇನ್ನೊಂದು ತುಂಡು, ಒತ್ತು ಮಗದೊಂದು ತುಂಡು. ಅದೇ ತಲಕಟ್ಟಿನ ತುಂಡು ರಕಾರಕ್ಕೂ ಗಕಾರಕ್ಕೂ ಅಂಟಿಕೊಳ್ಳುವುದರಿಂದ ಅವೆರಡರ ತಲಕಟ್ಟುಗಳು ಅಚ್ಚೊತ್ತಿದಂತೆ ಒಂದೇ ಆಗಿರುತ್ತವೆ, ಕೆಲವೊಮ್ಮೆ ದೊಡ್ಡದಾಗಿ ಮುದ್ರಿಸಿದ ಫಲಕದಲ್ಲಿ ಒಡಲಿಗೂ ತಲಕಟ್ಟಿಗೂ ನಡುವಿನ ಬೆಸುಗೆ ಸಣ್ಣ ಮುರುಕಾಗಿ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಪ್ರತಿಯಾಗಿ ‘ಶ್ರೀ’ ಒಂದು ಅಕ್ಷರವಾಗಿ ಕೂಡದೆ, ಶಕಾರದ ಪೊಲ್ಲು ಮತ್ತು ‘ರೀ’ ಬೇರೆ ಬೇರೆಯಾಗಿ ನಿಂತಿದ್ದರೆ, ಅದು ಫಾಂಟಿನ ಗುಣವಲ್ಲ, ಯುನಿಕೋಡ್ ಬರಹವನ್ನು ಜೋಡಿಸಲು ಬಾರದ ವಿನ್ಯಾಸ ತಂತ್ರಾಂಶದ ಕುರುಹು.

ಹೊಟ್ಟೆಯ ಪರೀಕ್ಷೆ ಇವೆಲ್ಲಕ್ಕಿಂತ ನಾಜೂಕಾದುದು. ಮಾದರಿ ಫಲಕದ ರೇಖೆಗಳು ಸಮನಾಗಿ ದಪ್ಪವಾಗಿವೆ, ತುದಿಗಳು ದುಂಡಗಿವೆ ಎಂದುಕೊಂಡರೆ ಬಲೂ ತಮ್ಮದ ಹೆಸರು ತಟ್ಟನೆ ನಾಲಗೆಗೆ ಬರುತ್ತದೆ. ಆದರೆ ಅವಸರ ಸಲ್ಲದು. ತೆಳುವಾದ ಹುಬ್ಬಳ್ಳಿ ಫಾಂಟನ್ನು ದೂರದಿಂದ ಕಾಣಿಸಬೇಕೆಂದು ಮುದ್ರಕರು ಅಕ್ಷರದ ಸುತ್ತ ಅದೇ ಬಣ್ಣದ ದಪ್ಪ ಅಂಚು ಕಟ್ಟಿದರೂ ಹೆಚ್ಚುಕಡಿಮೆ ಇದೇ ರೂಪ ಬರುತ್ತದೆ. ಮೂಲೆಗಳನ್ನು ದುಂಡಾಗಿಸುವ ಅಂಚು ಹಾಕಿದರೆ ಕತ್ತರಿಸಿದ ತುದಿಯ ನೋಟೊ ಸ್ಯಾನ್ಸ್ ಕೂಡ ದುಂಡು ತುದಿಯದಾಗಿ ಕಾಣಬಹುದು. ಇವುಗಳನ್ನು ಬೇರ್ಪಡಿಸುವುದು ಒಳಬಯಲು, ಅಂದರೆ ಹೊಟ್ಟೆಯ ರೇಖೆ ಸುತ್ತುವರಿದ ಖಾಲಿ ಜಾಗ. ಅಕ್ಷರವನ್ನು ದಪ್ಪವಾಗಿಯೇ ರಚಿಸುವವರು ರಕಾರದ ಹೊಟ್ಟೆಯನ್ನು ಅದಕ್ಕೆ ತಕ್ಕಂತೆ ಅಗಲಗೊಳಿಸುತ್ತಾರೆ, ಸುರುಳಿ ಒಡಲನ್ನು ಸೇರುವ ಸಂದಿನಲ್ಲಿ ಬಣ್ಣ ಗಂಟುಕಟ್ಟದಂತೆ ರೇಖೆಯನ್ನು ತುಸು ತೆಳುಗೊಳಿಸುತ್ತಾರೆ, ಥಕಾರದ ಚುಕ್ಕೆಗೆ ಸುತ್ತಲೂ ಉಸಿರಾಡುವಷ್ಟು ಜಾಗ ಬಿಡುತ್ತಾರೆ. ಅಂಚು ಕಟ್ಟಿ ದಪ್ಪಗೊಳಿಸಿದಾಗಲಾದರೋ ಬಣ್ಣವು ಒಳಕ್ಕೂ ಹೊರಕ್ಕೂ ಒಂದೇ ಪ್ರಮಾಣದಲ್ಲಿ ಹಬ್ಬುತ್ತದೆ: ಸೊನ್ನೆಯ ರಂಧ್ರ ಸಣ್ಣದಾಗುತ್ತದೆ, ಸಂದುಗಳು ಮುಚ್ಚಿಕೊಳ್ಳುತ್ತವೆ, ಥಕಾರದ ಚುಕ್ಕೆ ಊದಿಕೊಂಡು ಸುತ್ತಲಿನ ರೇಖೆಗೆ ತಾಗುತ್ತದೆ. ಅದು ತಾಗಿ ಕಲೆತುಹೋದರೆ ದೂರದಿಂದ ಊರಿನ ಹೆಸರನ್ನು ಓದುವುದೇ ಕಷ್ಟ. ಹಾಗಾಗಿ ಮಾದರಿ ಫಲಕದಲ್ಲಿ ಸಂದುಗಳು ತೆಳುವಾಗಿ ತೆರೆದಿದ್ದರೆ ಬಲೂ ತಮ್ಮದತ್ತ, ಕಟ್ಟಿಕೊಂಡಿದ್ದರೆ ಅಂಚು ಹಾಕಿದ ಬೇರೊಂದು ಫಾಂಟಿನತ್ತ ತಕ್ಕಡಿ ವಾಲುತ್ತದೆ.

ತಕ್ಕಡಿ ವಾಲಿದ್ದೇ ತೀರ್ಮಾನವಲ್ಲ. ಅನುಮಾನಕ್ಕೆ ಬಂದ ಎರಡು ಮೂರು ಫಾಂಟುಗಳಲ್ಲಿ ಅದೇ ಸಾಲನ್ನು ಟೈಪಿಸಿ, ರಕಾರದ ಎತ್ತರ ಸಮವಾಗುವವರೆಗೆ ಹಿಗ್ಗಿಸಿ, ಫಲಕದ ಚಿತ್ರದ ಮೇಲೆ ಹೊದಿಸಬೇಕು. ಅಕ್ಷರಗಳ ನಡುವಿನ ಅಂತರವನ್ನು ಮುದ್ರಕರು ಬದಲಿಸಿರುವ ಸಾಧ್ಯತೆ ಇರುವುದರಿಂದ ಇಡೀ ಸಾಲನ್ನು ಒಮ್ಮೆಗೇ ಹೊದಿಸದೆ ಒಂದೊಂದು ಅಕ್ಷರವನ್ನೇ ಕೂಡಿಸುವುದು ಒಳ್ಳೆಯದು. ರಕಾರ ಕೂಡಿತೆಂದು ತೃಪ್ತಿಪಡುವಂತಿಲ್ಲ, ಏಕೆಂದರೆ ಸರಳ ಆಕಾರದ ಅಕ್ಷರಗಳು ಹಲವು ಫಾಂಟುಗಳಲ್ಲಿ ಹೋಲುತ್ತವೆ. ಣಕಾರದ ಸುರುಳಿ, ‘ಶ್ರೀ’ ಅಕ್ಷರದ ರಕಾರದ ಒತ್ತು, ‘ಶ್ವ’ದ ವಕಾರದ ಒತ್ತು ಎಷ್ಟು ಕೆಳಕ್ಕೆ ಇಳಿದಿದೆ ಎಂಬುದು, ‘ಮೌ’ ಅಕ್ಷರದ ಬಾಲ ಮುಗಿಯುವ ರೀತಿ, ಇವೂ ಕೂಡಿದರೆ ಮಾತ್ರ ಹೆಸರನ್ನು ಖಚಿತವಾಗಿ ಹೇಳಬಹುದು. ಫಲಕದಲ್ಲಿ ಇಂಗ್ಲಿಷ್ ಸಾಲೂ ಇದ್ದರೆ ಅದನ್ನು ಸಾಕ್ಷಿಗೆ ಕರೆಯುವಾಗ ಎಚ್ಚರ ಬೇಕು. ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಫಾಂಟನ್ನು ಆರಿಸುವುದು ರೂಢಿಯಲ್ಲಿರುವುದರಿಂದ ಒಂದರ ಗುರುತಿನಿಂದ ಇನ್ನೊಂದನ್ನು ಊಹಿಸಲಾಗದು.

ಎರಡು ‘ಣಿ’ಗಳು ಕೂಡದೆ ಉಳಿದ ಫಲಕವನ್ನು ಸೋಲೆಂದು ಬದಿಗಿಡಬಾರದು. ಫಾಂಟು ನಾಳೆಯೂ ಗಣಕದಲ್ಲಿ ಸಿಗುತ್ತದೆ. ಪೇಂಟರ್ ಬರೆದ ಥಕಾರ ಆ ಒಂದು ಗೋಡೆಯ ಮೇಲಷ್ಟೇ ಇದೆ, ಸುಣ್ಣ ಬಳಿದ ದಿನ ಅದು ಇಲ್ಲವಾಗುತ್ತದೆ. ಇಂಥ ಫಲಕ ಕಣ್ಣಿಗೆ ಬಿದ್ದವರು ಅದರೆದುರು ನೇರವಾಗಿ ನಿಂತು ಇಡೀ ಫಲಕದ ಒಂದು ಚಿತ್ರವನ್ನೂ, ತಲಕಟ್ಟು ಮತ್ತು ಒತ್ತುಗಳು ಸ್ಪಷ್ಟವಾಗಿ ಕಾಣುವ ಒಂದು ಹತ್ತಿರದ ಚಿತ್ರವನ್ನೂ ತೆಗೆದು, ಊರು ಮತ್ತು ದಿನಾಂಕವನ್ನು ಬರೆದಿಡಬೇಕೆಂದು ವಿನಂತಿ.