ಕಾಗೆ ನೂರು ಸಲ ಕೂತರೆ?
(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತ ನಾವೆಲ್ಲ ಹೇಳುತ್ತೇವೆ. ಕೊಂಬೆ ಮುರಿದದ್ದು ಕಾಗೆಯಿಂದಲ್ಲ, ಅದು ಕಾಕತಾಳೀಯ ಎಂದು ಅರ್ಥ. ಆದರೆ ಕಾಗೆ ನೂರು ಸಲ ಕೂತು, ತೊಂಬತ್ತು ಸಲ ಕೊಂಬೆ ಮುರಿದರೆ? ಆಗ ಯಾರೂ ಗಾದೆ ಹೇಳುವುದಿಲ್ಲ. ಕಾಗೆಯೇ ಕಾರಣ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ತೀರ್ಪಿನ ಬಗ್ಗೆ.

ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಏರುತ್ತವೆ, ಇಳಿಯುತ್ತವೆ ಎಂದು ಅಳೆಯಲು ಸಂಖ್ಯಾಶಾಸ್ತ್ರದಲ್ಲಿ ಸಹಸಂಬಂಧ ಗುಣಾಂಕ ಎಂಬ ಅಳತೆ ಇದೆ. ಅದನ್ನು r ಎಂದು ಬರೆಯುತ್ತಾರೆ. ಅದು +1ರ ಹತ್ತಿರ ಇದ್ದರೆ ಒಂದು ಏರಿದಾಗ ಇನ್ನೊಂದೂ ಏರುತ್ತದೆ. -1ರ ಹತ್ತಿರ ಇದ್ದರೆ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಸೊನ್ನೆಯ ಹತ್ತಿರ ಇದ್ದರೆ ಅಂಥ ನೇರ ನಂಟು ಇಲ್ಲ.

ಒಂದನೇ ತರಗತಿಯಿಂದ ಹತ್ತನೇ ತರಗತಿವರೆಗಿನ ಎಲ್ಲ ಮಕ್ಕಳ ಪಾದದ ಉದ್ದ ಅಳೆಯಿರಿ. ಪ್ರತಿಯೊಬ್ಬರಿಗೂ ಅದೇ ಇಪ್ಪತ್ತು ಲೆಕ್ಕ ಕೊಡಿ. ಪಾದ ಉದ್ದವಿದ್ದವರು ಹೆಚ್ಚು ಲೆಕ್ಕ ಮಾಡಿರುತ್ತಾರೆ. r ದೊಡ್ಡದಾಗಿಯೇ ಬರುತ್ತದೆ. ಹಾಗಂತ ಮಗನಿಗೆ ದೊಡ್ಡ ಚಪ್ಪಲಿ ಕೊಡಿಸಿದರೆ ಗಣಿತ ಬರುವುದಿಲ್ಲ. ವಯಸ್ಸು ಎಂಬ ಮೂರನೆಯ ಅಂಶ ಪಾದವನ್ನೂ ಬೆಳೆಸಿದೆ, ಬುದ್ಧಿಯನ್ನೂ ಬೆಳೆಸಿದೆ. ಒಂದೇ ವಯಸ್ಸಿನ ಮಕ್ಕಳನ್ನಷ್ಟೇ ಅಳೆದರೆ ಪಾದಕ್ಕೂ ಲೆಕ್ಕಕ್ಕೂ ಇದ್ದ ನಂಟು ಹೆಚ್ಚುಕಡಿಮೆ ಮಾಯವಾಗುತ್ತದೆ. ಮರೆಯಲ್ಲಿ ನಿಂತು ಎರಡನ್ನೂ ಆಡಿಸುವ ಇಂಥ ಅಂಶವನ್ನು ಅಡಗಿದ ಚರ ಎನ್ನೋಣ.

ಇಲ್ಲಿ ನಗು ಬರುತ್ತದೆ, ಏಕೆಂದರೆ ಮೂರನೆಯದು ಏನೆಂದು ನಮಗೆ ಮೊದಲೇ ಗೊತ್ತು. ಅದು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನಲ್ಲಿ ನಡೆದ ಒಂದು ಕಥೆ ಹೇಳುತ್ತೇನೆ.

1848-49ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತರು. ಜನನ-ಮರಣ ನೋಂದಣಿಯ ಸರ್ಕಾರಿ ಕಚೇರಿಯಲ್ಲಿ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರಿದ್ದರು. ಕೊಳಕು ಜಾಗದಿಂದ ಏಳುವ ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಎಂದು ಆ ಕಾಲದ ಹೆಚ್ಚಿನ ವೈದ್ಯರಂತೆ ಅವರೂ ನಂಬಿದ್ದರು. ಥೇಮ್ಸ್ ನದಿಯ ಮಟ್ಟದಿಂದ ಪ್ರತಿ ಬಡಾವಣೆ ಎಷ್ಟು ಅಡಿ ಎತ್ತರದಲ್ಲಿದೆ, ಅಲ್ಲಿ ಹತ್ತು ಸಾವಿರ ಜನಕ್ಕೆ ಎಷ್ಟು ಸಾವು ಎಂದು ಅವರು ಪಟ್ಟಿ ಮಾಡಿದರು. ಇಪ್ಪತ್ತು ಅಡಿಗಿಂತ ಕೆಳಗಿದ್ದಲ್ಲಿ 102 ಸಾವು. ಅಲ್ಲಿಂದ ಇಪ್ಪತ್ತಿಪ್ಪತ್ತು ಅಡಿ ಮೇಲೇರಿದಂತೆ 65, 34, 27, 22, 17. ಮೆಟ್ಟಿಲು ಇಳಿದಂತೆ ಒಂದೇ ಸಮ ಇಳಿಯುತ್ತದೆ.

ಗುಣಾಂಕ ಎಂಬ ಅಳತೆ ಆಗ ಇನ್ನೂ ಹುಟ್ಟಿರಲಿಲ್ಲ. ಈ ಆರು ಸಾಲುಗಳನ್ನು ಇಟ್ಟುಕೊಂಡು ನಾನು ಲೆಕ್ಕ ಹಾಕಿದೆ. r = -0.91 ಬಂತು. ಪರೀಕ್ಷೆಯಲ್ಲಿ ಬಂದರೆ ‘ಪ್ರಬಲ ಸಹಸಂಬಂಧ’ ಎಂದು ಬರೆಯಬೇಕಾದ ಉತ್ತರ. ಫಾರ್ ಅವರಿಗೂ ತಮ್ಮ ನಂಬಿಕೆಗೆ ಪುರಾವೆ ಸಿಕ್ಕಂತಾಯಿತು. ತಗ್ಗಿನಲ್ಲಿ ಕೆಟ್ಟ ಗಾಳಿ ದಟ್ಟ, ಅದಕ್ಕೇ ಸಾವು ಹೆಚ್ಚು ಎಂದರು. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ತಪ್ಪಿದ್ದದ್ದು ‘ಅದಕ್ಕೇ’ ಎಂಬ ಪದದಲ್ಲಿ.

ಜಾನ್ ಸ್ನೋ ಎಂಬ ವೈದ್ಯರು ಇದನ್ನು ಒಪ್ಪಲಿಲ್ಲ. ಕಾಲರಾ ನೀರಿನಿಂದ ಬರುತ್ತದೆ ಎಂಬುದು ಅವರ ವಾದ. ತಗ್ಗಿನ ಬಡಾವಣೆಗಳಲ್ಲಿ ಬಹಳಷ್ಟು ಮನೆಗಳು ಊರಿನ ಚರಂಡಿ ಸೇರುವ ಥೇಮ್ಸ್ ನೀರನ್ನೇ ಕುಡಿಯುತ್ತಿದ್ದವು. ಅಂದರೆ ಎತ್ತರ ಬದಲಾದಾಗ ನೀರೂ ಬದಲಾಗುತ್ತಿತ್ತು. ಆದರೆ ಹೀಗೆ ಹೇಳಿದರೆ ಸಾಲದು. ಗಾಳಿ, ಎತ್ತರ ಎಲ್ಲ ಒಂದೇ ಇದ್ದು, ನೀರು ಮಾತ್ರ ಬೇರೆ ಇರುವ ಜಾಗ ಬೇಕಿತ್ತು.

ಅದು 1854ರಲ್ಲಿ ಸಿಕ್ಕಿತು. ದಕ್ಷಿಣ ಲಂಡನ್ನಿನ ಒಂದೇ ಬೀದಿಯಲ್ಲಿ ಎರಡು ಕಂಪನಿಗಳ ಕೊಳವೆಗಳಿದ್ದವು. ಒಂದು ಮನೆಗೆ ಸದರ್ಕ್ ಅಂಡ್ ವಾಕ್ಸಾಲ್ ಕಂಪನಿಯ ನೀರು, ಪಕ್ಕದ ಮನೆಗೆ ಲ್ಯಾಂಬೆತ್ ಕಂಪನಿಯ ನೀರು. ಲ್ಯಾಂಬೆತ್‌ನವರು 1852ರಲ್ಲಿ ನೀರೆತ್ತುವ ಜಾಗವನ್ನು ನದಿಯ ಮೇಲ್ಭಾಗಕ್ಕೆ, ಊರಿನ ಚರಂಡಿ ಮುಟ್ಟದ ಕಡೆಗೆ ಒಯ್ದಿದ್ದರು. ಇನ್ನೊಂದು ಕಂಪನಿ ಊರಿನೊಳಗಿನ ನೀರನ್ನೇ ಕೊಡುತ್ತಿತ್ತು.

ಸ್ನೋ ಸತ್ತವರ ಮನೆಮನೆಗೆ ಹೋಗಿ, ನಿಮಗೆ ಯಾವ ಕಂಪನಿಯ ನೀರು ಎಂದು ವಿಚಾರಿಸಿದರು. ಬಾಡಿಗೆಯವರಲ್ಲಿ ಅನೇಕರಿಗೆ ಅದು ಗೊತ್ತೇ ಇರಲಿಲ್ಲ. ಆಗ ಆ ಮನೆಯ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿ ನೋಡಿದರು. ಉಪ್ಪಿನಂಶವಿದ್ದರೆ ನೀರು ಬೆಳ್ಳಗಾಗುತ್ತದೆ. ಊರೊಳಗಿನ ನೀರಿನಲ್ಲಿ ಉಪ್ಪು ಇನ್ನೊಂದಕ್ಕಿಂತ ಸುಮಾರು 40 ಪಟ್ಟು ಹೆಚ್ಚಿತ್ತು, ಹಾಗಾಗಿ ಕಂಪನಿ ಯಾವುದೆಂದು ತಿಳಿಯುತ್ತಿತ್ತು. ರೋಗ ಬಂದ ಮೊದಲ ಏಳು ವಾರಗಳಲ್ಲಿ ಹತ್ತು ಸಾವಿರ ಮನೆಗಳಿಗೆ ಲ್ಯಾಂಬೆತ್ ನೀರಿನವರಲ್ಲಿ 37 ಸಾವು, ಇನ್ನೊಂದು ಕಂಪನಿಯವರಲ್ಲಿ 315. ಅದೇ ಬೀದಿ, ಅದೇ ಗಾಳಿ, ಅದೇ ಎತ್ತರ.

ಫಾರ್ ಅವರ -0.91 ನಂಬಿ ಬಡವರನ್ನೆಲ್ಲ ಗುಡ್ಡಕ್ಕೆ ಸಾಗಿಸಿ, ಅದೇ ನೀರನ್ನು ಮೇಲಕ್ಕೆ ಏರಿಸಿ ಕೊಟ್ಟಿದ್ದರೆ ಕಾಲರಾ ಗುಡ್ಡ ಹತ್ತುತ್ತಿತ್ತು. ಆದರೆ ಫಾರ್ ಅವರ ದೊಡ್ಡತನವನ್ನೂ ಹೇಳಬೇಕು. 1866ರಲ್ಲಿ ಪೂರ್ವ ಲಂಡನ್ನಿಗೆ ಕಾಲರಾ ಬಂದಾಗ ಅವರೇ ನೀರಿನ ಕಂಪನಿಯತ್ತ ಬೆರಳು ತೋರಿಸಿದರು.

ಈಗ ನಮ್ಮ ಊರಿಗೆ ಬರೋಣ. ‘ಖಾಸಗಿ ಶಾಲೆಯ ಮಕ್ಕಳಿಗೆ ಅಂಕ ಜಾಸ್ತಿ, ಅದಕ್ಕೇ ಸಾಲ ಮಾಡಿಯಾದರೂ ಅಲ್ಲಿಗೆ ಸೇರಿಸಬೇಕು’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅಂಕ ಜಾಸ್ತಿ ಇರುವುದು ನಿಜವೇ ಇರಬಹುದು. ಆದರೆ ಇಲ್ಲೂ ಒಂದು ‘ಅದಕ್ಕೇ’ ಇದೆ. ಫೀಸು ಕಟ್ಟುವ ಮನೆಯಲ್ಲಿ ಓದಿದ ಅಪ್ಪ ಅಮ್ಮ ಇರುವುದು ಹೆಚ್ಚು, ಸಂಜೆ ಹೊತ್ತು ಮಗು ದನ ಮೇಯಿಸಲು ಹೋಗುವುದು ಕಡಿಮೆ. ಆ ಮನೆಯೇ ಶಾಲೆಯನ್ನೂ ಆರಿಸಿದೆ, ಅಂಕವನ್ನೂ ತಂದಿದೆ. ಹಾಗಾದರೆ ಶಾಲೆಯ ಪಾಲು ಎಷ್ಟು?

ಇದಕ್ಕೂ ಒಂದೇ ಬೀದಿಯ ಎರಡು ಕೊಳವೆ ಬೇಕು. ಪಕ್ಕದ ಆಂಧ್ರಪ್ರದೇಶದ 180 ಹಳ್ಳಿಗಳಲ್ಲಿ ಅಂಥ ಪ್ರಯೋಗ ನಡೆದಿದೆ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು ಅದರ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಅಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಂದ ಅರ್ಜಿ ಪಡೆದು, ಲಾಟರಿ ಎತ್ತಿ, ಗೆದ್ದವರಿಗೆ ಖಾಸಗಿ ಶಾಲೆಯ ಖರ್ಚು ಕೊಡಲಾಯಿತು. ಚೀಟಿಗೆ ಯಾರ ಮನೆ ಹೇಗಿದೆ ಎಂದು ಗೊತ್ತಿಲ್ಲ. ಹಾಗಾಗಿ ಗೆದ್ದವರ ಮನೆಗಳೂ ಸೋತವರ ಮನೆಗಳೂ ಒಟ್ಟಾರೆ ಒಂದೇ ತರಹದವು. ನಾಲ್ಕು ವರ್ಷದ ನಂತರ ಪರೀಕ್ಷೆ ಮಾಡಿದರೆ ತೆಲುಗಿನಲ್ಲೂ ಗಣಿತದಲ್ಲೂ ಎರಡು ಗುಂಪಿಗೆ ವ್ಯತ್ಯಾಸವಿರಲಿಲ್ಲ. ಗೆದ್ದವರು ಹಿಂದಿಯಲ್ಲಿ ಮಾತ್ರ ಮುಂದಿದ್ದರು.

ಆ ಪ್ರಯೋಗದ ಮಿತಿಯನ್ನೂ ಹೇಳಬೇಕು. ಅದು ಪ್ರಾಥಮಿಕ ಶಾಲೆಗಳದ್ದು, ಆ ಹಳ್ಳಿಗಳದ್ದು. ನಮ್ಮ ಹೈಸ್ಕೂಲಿಗೂ ಪೇಟೆಯ ಶಾಲೆಗೂ ಅದನ್ನು ಹಾಗೇ ಅಂಟಿಸಿದರೆ ನಾನೂ ಫಾರ್ ಮಾಡಿದ ತಪ್ಪನ್ನೇ ಮಾಡಿದಂತೆ. ಸರ್ಕಾರಿ ಶಾಲೆ ಸಾಕು ಎಂದು ನಾನು ಹೇಳುತ್ತಿಲ್ಲ. ಅಂಕದ ಪಟ್ಟಿಯೊಂದನ್ನೇ ನೋಡಿ ಶಾಲೆಯ ಗುಣ ಅಳೆಯಲು ಬರುವುದಿಲ್ಲ ಎನ್ನುತ್ತಿದ್ದೇನೆ.

ಹಾಗಾಗಿ ಹಿರಿಯರಲ್ಲಿ ಒಂದು ಕೋರಿಕೆ. ಮಗುವನ್ನು ಎಲ್ಲಿಗೆ ಸೇರಿಸಬೇಕೆಂದು ಯೋಚಿಸುವಾಗ ಇಡೀ ಶಾಲೆಯ ಫಲಿತಾಂಶ ನೋಡಬೇಡಿ. ನಿಮ್ಮಂಥದೇ ಮನೆಯಿಂದ, ನಿಮ್ಮಷ್ಟೇ ಜಮೀನಿರುವ, ನಿಮ್ಮಷ್ಟೇ ಓದಿರುವವರ ಮಕ್ಕಳು ಈ ಶಾಲೆಯಲ್ಲಿ ಹೇಗೆ ಓದಿದರು, ಆ ಶಾಲೆಯಲ್ಲಿ ಹೇಗೆ ಓದಿದರು ಎಂದು ವಿಚಾರಿಸಿ. ಆಮೇಲೂ ವ್ಯತ್ಯಾಸ ಉಳಿದರೆ ಸಾಲದ ಮಾತು ಯೋಚಿಸಬಹುದು. ಉಳಿಯದಿದ್ದರೆ ಕೊಂಬೆ ಮುರಿದದ್ದು ಗಾಳಿಗೆ. ಕಾಗೆಗೆ ನಾವು ದುಡ್ಡು ಕೊಡಬೇಕಾಗಿಲ್ಲ.