ಕೊಳೆಗೇರಿಯ ಲೆಕ್ಕ: ಮುಂಬಯಿಯಲ್ಲಿ ದುಡಿಯುವವನ ಮನೆ ಅಕ್ರಮವಾದ ಬಗೆ



1985ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಓಲ್ಗಾ ಟೆಲಿಸ್ ಪ್ರಕರಣದ ತೀರ್ಪನ್ನು ನೀಡಿತು. ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನ ಭಾಗವೆಂದು ಸಾರಿದ ತೀರ್ಪೆಂದು ಅದು ಕಾನೂನಿನ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಆದರೆ ನಗರಗಳ ಬೆಳವಣಿಗೆಯನ್ನು ಅಭ್ಯಾಸ ಮಾಡುವವರು ಓದಬೇಕಾದದ್ದು ಅದರ ಆರಂಭದ ಪುಟಗಳನ್ನು. ಅಲ್ಲಿ ಅರ್ಜಿದಾರರು ಯಾರು, ಎಲ್ಲಿಂದ ಬಂದರು, ಏಕೆ ಬಂದರು ಎಂಬ ವಿವರಗಳಿವೆ. ಅವರಲ್ಲೊಬ್ಬನು ತಮಿಳುನಾಡಿನ ಸೇಲಂ ಕಡೆಯ ಭೂರಹಿತ ಕೂಲಿಕಾರ. ಬರಗಾಲದಿಂದ ಊರಿನಲ್ಲಿ ಕೆಲಸವಿಲ್ಲದಾಗಿ 1961ರಲ್ಲಿ ಮುಂಬಯಿಗೆ ಬಂದನು. ದಹಿಸರದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ದಿನಕ್ಕೆ 23 ರೂಪಾಯಿಯ ಕೂಲಿ ದೊರೆಯಿತು. ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯ ಬದಿಯಲ್ಲಿ ಪ್ಲಾಸ್ಟಿಕ್ ಹಾಳೆ ಮತ್ತು ತಾಡಪತ್ರಿಯ ಗೂಡೊಂದಕ್ಕಾಗಿ ಅಲ್ಲಿಯ ದಾದಾ ಒಬ್ಬನು ಅವನಿಂದ 2,500 ರೂಪಾಯಿಗಳನ್ನು ಕಿತ್ತುಕೊಂಡನೆಂದು ಅರ್ಜಿಯಲ್ಲಿ ಹೇಳಲಾಗಿದೆ.

ನಗರೀಕರಣವನ್ನು ಬೋಧಿಸುವ ಪುಸ್ತಕಗಳು ದೂಡುವ ಕಾರಣಗಳು, ಸೆಳೆಯುವ ಕಾರಣಗಳು ಎಂದು ಎರಡು ಪಟ್ಟಿಗಳನ್ನು ಕೊಡುತ್ತವೆ. ಬರಗಾಲ, ತುಂಡು ಜಮೀನು, ಸಾಲ, ಜಾತಿಯ ಹಿಂಸೆ ಇವು ಊರಿನಿಂದ ದೂಡುತ್ತವೆ. ಕೂಲಿ, ಶಾಲೆ, ಆಸ್ಪತ್ರೆ, ಮೊದಲೇ ಬಂದು ನೆಲೆಸಿದ ಊರಿನವರು ಇವು ನಗರಕ್ಕೆ ಸೆಳೆಯುತ್ತವೆ. ಸೇಲಂನ ಕೂಲಿಕಾರನ ಬದುಕು ಈ ಪಟ್ಟಿಗಳಿಗೆ ಸರಿಯಾಗಿಯೇ ಹೊಂದುತ್ತದೆ. ಆದರೂ ಒಂದು ಸಂಗತಿ ಅವುಗಳಲ್ಲಿ ಅಡಗುವುದಿಲ್ಲ. ದೂಡುವಿಕೆಯೂ ಸೆಳೆತವೂ ಸೇರಿ ಮನುಷ್ಯನನ್ನು ದಹಿಸರಕ್ಕೆ ತಂದವು, ನಿಜ. ಅವನನ್ನು ಹೆದ್ದಾರಿಯ ಬದಿಯಲ್ಲಿ ಕೂರಿಸಿದ್ದು ಮಾತ್ರ ಬೇರೊಂದು ಕಾರಣ. 23 ರೂಪಾಯಿಯ ಕೂಲಿಯಲ್ಲಿ 2,500 ರೂಪಾಯಿ ಎಂದರೆ ನೂರಕ್ಕೂ ಹೆಚ್ಚು ದಿನಗಳ ದುಡಿಮೆ. ಅಂದರೆ ಅವನು ಬಿಟ್ಟಿ ನೆಲವನ್ನು ಹುಡುಕಿದವನಲ್ಲ, ಹಣ ತೆತ್ತು ಬಂದವನು. ತೆರುವ ಶಕ್ತಿಯಿದ್ದವನಿಗೆ ಕಾನೂನು ಒಪ್ಪುವ ಖೋಲಿಯೊಂದು ಏಕೆ ದೊರೆಯಲಿಲ್ಲ? ಕೊಳೆಗೇರಿಯ ಹುಟ್ಟನ್ನು ತಿಳಿಯಬೇಕಾದರೆ ಈ ಪ್ರಶ್ನೆಯನ್ನೇ ಹಿಡಿದು ಹೋಗಬೇಕು.

ಹಿಂದೆ ಅಂತಹ ಖೋಲಿಗಳು ದೊರೆಯುತ್ತಿದ್ದವು. 1896ರ ಪ್ಲೇಗಿನ ನಂತರ ಸ್ಥಾಪಿತವಾದ ಸುಧಾರಣಾ ಟ್ರಸ್ಟು ಚಾಳಗಳನ್ನು ಕಟ್ಟಿತು. 1920ರ ದಶಕದಲ್ಲಿ ಸರಕಾರವು ವರಳಿ, ನಾಯಗಾಂವ, ಶಿವಡಿ ಮತ್ತು ಡಿಲೈಲ್ ರಸ್ತೆಗಳಲ್ಲಿ ಬಿಡಿಡಿ ಚಾಳಗಳನ್ನು ಎಬ್ಬಿಸಿತು. ಖಾಸಗಿ ಮಾಲೀಕರು ಕಟ್ಟಿದ ಚಾಳಗಳ ಸಂಖ್ಯೆ ಇನ್ನೂ ಹೆಚ್ಚು. ಅವು ಸುಖದ ಮನೆಗಳಾಗಿರಲಿಲ್ಲ. ಒಂದು ಖೋಲಿ, ಉದ್ದನೆಯ ಪಡಸಾಲೆ, ಹಲವರಿಗೆ ಸೇರಿ ಒಂದು ಶೌಚಾಲಯ. ಆದರೂ ಅಲ್ಲಿ ಬಾಡಿಗೆಯ ರಸೀದಿಯಿತ್ತು, ನಳವಿತ್ತು, ಯಾರೂ ಬುಲ್‌ಡೋಜರ್ ತರುತ್ತಿರಲಿಲ್ಲ. ಗಿರಣಿಯ ಕೂಲಿಯಿಂದ ಆ ಬಾಡಿಗೆಯನ್ನು ತೆರಬಹುದಾಗಿತ್ತು.

1947ರ ಬಾಡಿಗೆ ನಿಯಂತ್ರಣ ಕಾನೂನು ಬಾಡಿಗೆಗಳನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಕಾಲದ ಅಭಾವದಲ್ಲಿ ಬಾಡಿಗೆದಾರರನ್ನು ರಕ್ಷಿಸುವ ಉದ್ದೇಶ ಸರಿಯಾದದ್ದೇ. ತಾತ್ಕಾಲಿಕವೆಂದು ಬಂದ ಕಾನೂನು ಐವತ್ತು ವರ್ಷಕ್ಕೂ ಮಿಕ್ಕಿ ಉಳಿದದ್ದೇ ಕೇಡಾಯಿತು. ಸಿಮೆಂಟಿನ ಬೆಲೆ, ಗೌಂಡಿಯ ಕೂಲಿ, ಪಾಲಿಕೆಯ ತೆರಿಗೆ ಏರಿದವು, ಬಾಡಿಗೆ ಏರಲಿಲ್ಲ. ಹಳೆಯ ಚಾಳಿನ ಮಾಲೀಕನು ರಿಪೇರಿಯನ್ನು ನಿಲ್ಲಿಸಿದನು; ಹೊಸ ಚಾಳನ್ನು ಕಟ್ಟುವ ಸಾಹಸಕ್ಕೆ ಯಾರೂ ಇಳಿಯಲಿಲ್ಲ. ಖೋಲಿ ಕೈಬದಲಾಯಿಸುವಾಗ ಪಗಡಿಯ ಹಣ ಕತ್ತಲಲ್ಲಿ ಓಡಾಡಿತು. ಮುಂಬಯಿಯಲ್ಲಿ ಪಗಡಿಯ ಮನೆಯಲ್ಲಿ ಬೆಳೆದ ನಮ್ಮ ಅನೇಕ ಕುಟುಂಬಗಳು ಈ ಕಾನೂನಿನ ಫಲವನ್ನು ಉಂಡಿವೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಮೊದಲು ಬಂದವರಿಗೆ ದೊರೆತ ರಕ್ಷಣೆಯ ಬೆಲೆಯನ್ನು ತಡವಾಗಿ ಬಂದವರು ಪುಟ್‌ಪಾಥಿನಲ್ಲಿ ತೆತ್ತರು. ಬಾಡಿಗೆಯ ಮನೆ ಕಟ್ಟುವುದು ನಷ್ಟದ ವ್ಯವಹಾರವಾದ ಮೇಲೆ ಆ ವ್ಯವಹಾರವನ್ನು ದಾದಾ ವಹಿಸಿಕೊಂಡನು. ಅವನ ಬಳಿ ನೆಲದ ಒಡೆತನವಿರಲಿಲ್ಲ. ಒಕ್ಕಲೆಬ್ಬಿಸದಂತೆ ನೋಡಿಕೊಳ್ಳುವ ಭರವಸೆಯನ್ನೇ ಅವನು ಮಾರಿದನು.

ಸರಕಾರದ ಮೊದಲ ಉತ್ತರ ಕೆಡಹುವುದು. 1981ರಲ್ಲಿ ಬೀದಿವಾಸಿಗಳನ್ನು ಎಬ್ಬಿಸಿ ಅವರವರ ಊರುಗಳಿಗೆ ಕಳುಹಿಸಲಾಗುವುದೆಂದು ಮುಖ್ಯಮಂತ್ರಿ ಎ.ಆರ್. ಅಂತುಳೆಯವರು ಘೋಷಿಸಿದಾಗಲೇ ಓಲ್ಗಾ ಟೆಲಿಸ್ ಪ್ರಕರಣ ಹುಟ್ಟಿಕೊಂಡದ್ದು. ಊರಿಗೆ ಕಳುಹಿಸಿದರೆ ಅಲ್ಲಿ ದೂಡಿದ ಬರಗಾಲ ಕಾದೇ ಇರುತ್ತದೆ. ದೂಡುವ ಕಾರಣಕ್ಕೆ ಕೈಹಾಕಿದ ಕೆಲಸವೆಂದರೆ 1972ರ ಬರಗಾಲದ ಕಾಲದಲ್ಲಿ ಮಹಾರಾಷ್ಟ್ರವು ಆರಂಭಿಸಿದ ಉದ್ಯೋಗ ಖಾತರಿ ಯೋಜನೆ. ದುಡಿಯಲು ಸಿದ್ಧನಿದ್ದವನಿಗೆ ಊರಿನ ಸಮೀಪದಲ್ಲೇ ಕೆಲಸ ಕೊಡುವ ಅದು ಮುಂದೆ ರಾಷ್ಟ್ರಮಟ್ಟದ ಕಾನೂನಿಗೆ ಮಾದರಿಯಾಯಿತು. ಅದು ಹಸಿವನ್ನು ತಡೆದೀತು. ಆದರೆ ಮಣ್ಣು ಹೊರುವ ಕೂಲಿಗೂ ನಗರದ ಕೂಲಿಗೂ ಇರುವ ಅಂತರವನ್ನು ಅಳಿಸಲಾರದು. ಕಲಬುರಗಿ, ವಿಜಯಪುರದ ಕಡೆಯಿಂದ ಮುಂಬಯಿ, ಪುಣೆಗಳ ಕಟ್ಟಡದ ಕೆಲಸಕ್ಕೆ ಬರುವವರು ಇಂದಿಗೂ ಬರುತ್ತಿದ್ದಾರೆ.

ತೀರ್ಪು ಕೊಟ್ಟದ್ದಾದರೂ ಏನು? ಒಕ್ಕಲೆಬ್ಬಿಸುವ ಅಧಿಕಾರವನ್ನು ನ್ಯಾಯಾಲಯ ಕಸಿದುಕೊಳ್ಳಲಿಲ್ಲ. ನೋಟೀಸು ಕೊಟ್ಟು, ಮಾತನ್ನು ಕೇಳಿ, ಮಳೆಗಾಲ ಮುಗಿದ ಮೇಲೆ ಎಬ್ಬಿಸಬಹುದೆಂದಿತು. ಬದಲಿ ಜಾಗವು 1976ರ ಗಣತಿಯಲ್ಲಿ ಗುರುತಿನ ಚೀಟಿ ಪಡೆದವರಿಗೆ ಮಾತ್ರ ಸಿಕ್ಕಿತು. ಅಲ್ಲಿಂದ ಇಲ್ಲಿಯವರೆಗೆ ಮುಂಬಯಿಯ ಬಡವನ ಹಕ್ಕು ಒಂದು ತಾರೀಖಿನ ಮೇಲೆ ನಿಂತಿದೆ. ಆ ತಾರೀಖು ಮುಂದೆ 1995ರ ಜನವರಿ 1 ಆಯಿತು, ಅನಂತರ 2000ದ ಜನವರಿ 1 ಆಯಿತು. ಅದು ಮುಂದಕ್ಕೆ ಸರಿಯುವುದಕ್ಕೂ ಚುನಾವಣೆಗಳಿಗೂ ಇರುವ ನಂಟನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ.

1985ರಲ್ಲಿಯೇ ವಿಶ್ವಬ್ಯಾಂಕಿನ ನೆರವಿನಿಂದ ಇನ್ನೊಂದು ಪ್ರಯತ್ನ ನಡೆಯಿತು. ನೆಲವನ್ನು ನಿವಾಸಿಗಳ ಸಹಕಾರಿ ಸಂಘಕ್ಕೆ ಗುತ್ತಿಗೆಗೆ ಕೊಡುವುದು, ನಳ, ಚರಂಡಿ ಒದಗಿಸುವುದು, ಮನೆಯನ್ನು ಅವರೇ ಸಾಲ ಮಾಡಿ ಸುಧಾರಿಸಿಕೊಳ್ಳುವುದು. ಹೆಚ್ಚು ಸದ್ದಿಲ್ಲದ, ಹೆಚ್ಚು ವಿವೇಕದ ದಾರಿ ಅದಾಗಿತ್ತು. ಬಿಟ್ಟಿ ಮನೆಯ ಭರವಸೆ ಬಂದೊಡನೆ ಅದು ಹಿಂದೆ ಬಿತ್ತು. ಬಿಟ್ಟಿ ಸಿಗುವುದನ್ನು ಸಾಲ ಮಾಡಿ ಕಟ್ಟಿಕೊಳ್ಳುವವರಾರು?

1995ರ ಚುನಾವಣೆಯಲ್ಲಿ ನಾಲ್ವತ್ತು ಲಕ್ಷ ಜನರಿಗೆ ಉಚಿತ ಮನೆಯೆಂಬ ಘೋಷಣೆ ಮೊಳಗಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ, ಅಂದರೆ ಎಸ್‌ಆರ್‌ಎ, ಕೆಲಸ ಆರಂಭಿಸಿತು. ಉಪಾಯ ಜಾಣತನದ್ದು. ಸರಕಾರ ಒಂದು ರೂಪಾಯಿಯನ್ನೂ ಹಾಕುವುದಿಲ್ಲ. ಬಿಲ್ಡರನು ನಿವಾಸಿಗಳಿಗೆ ಉಚಿತವಾಗಿ 225 ಚದರಡಿಯ ಮನೆ ಕಟ್ಟಿಕೊಡುತ್ತಾನೆ. ಪ್ರತಿಫಲವಾಗಿ ಪೇಟೆಯಲ್ಲಿ ಮಾರಲು ಕಟ್ಟುವ ಹಕ್ಕನ್ನು ಪಡೆಯುತ್ತಾನೆ. ಮೂಲ ನಿಯಮದಂತೆ ಪುನರ್ವಸತಿಗಾಗಿ ಕಟ್ಟಿದ ಪ್ರತಿ ಚದರಡಿಗೆ ಉಪನಗರಗಳಲ್ಲಿ ಒಂದು ಚದರಡಿ, ದಕ್ಷಿಣದ ಹಳೆಯ ನಗರದಲ್ಲಿ ಮುಕ್ಕಾಲು, ಧಾರಾವಿಯಲ್ಲಿ ಒಂದೂ ಮೂರನೆಯ ಒಂದು. ಮನೆಯ ಅಳತೆ ಮುಂದೆ 269ಕ್ಕೂ ಅನಂತರ 300 ಚದರಡಿಗೂ ಏರಿತು.

ಈ ಉಪಾಯದ ಬಲವೂ ದೌರ್ಬಲ್ಯವೂ ಲೆಕ್ಕದಲ್ಲಿ ಕಾಣುತ್ತದೆ. ಉಪನಗರದಲ್ಲಿ ನೂರು ಗುಡಿಸಲುಗಳ ಕೇರಿಯೊಂದನ್ನು ಕಲ್ಪಿಸಿಕೊಳ್ಳೋಣ, ಅಂಕಿಗಳೂ ಕಲ್ಪಿತವೇ. ಮೆಟ್ಟಿಲು, ಓಣಿ ಸೇರಿ ಪುನರ್ವಸತಿಗೆ 30,000 ಚದರಡಿ, ಮಾರಾಟಕ್ಕೆ ಅಷ್ಟೇ. ಕಟ್ಟುವ ವೆಚ್ಚ ಚದರಡಿಗೆ 2,500 ರೂಪಾಯಿಯಾದರೆ ಒಟ್ಟು 15 ಕೋಟಿ. ಕಟ್ಟಡ ಮುಗಿಯುವ ತನಕ ನೂರು ಕುಟುಂಬಗಳಿಗೆ ತಿಂಗಳಿಗೆ 10,000ದಂತೆ ಮೂರು ವರ್ಷದ ಬಾಡಿಗೆ 3.6 ಕೋಟಿ. ಬಡ್ಡಿ, ಶುಲ್ಕಗಳಿಗೆ 4 ಕೋಟಿ. ಎಲ್ಲವೂ ಸೇರಿ 22.6 ಕೋಟಿ. ಮಾರಾಟದ ಮನೆ ಚದರಡಿಗೆ 15,000ಕ್ಕೆ ಹೋದರೆ 45 ಕೋಟಿ ಬರುತ್ತದೆ. ಬಿಲ್ಡರುಗಳು ಸಾಲುಗಟ್ಟಿ ನಿಲ್ಲುತ್ತಾರೆ. 7,000ಕ್ಕೆ ಹೋದರೆ 21 ಕೋಟಿ ಬರುತ್ತದೆ, ಯಾರೂ ಬರುವುದಿಲ್ಲ. ಅಂದರೆ ಕೇರಿಯ ಸರದಿಯನ್ನು ತೀರ್ಮಾನಿಸುವುದು ನಿವಾಸಿಗಳ ಕಷ್ಟವಲ್ಲ, ಪಕ್ಕದ ಫ್ಲ್ಯಾಟಿನ ಬೆಲೆ. ಪಶ್ಚಿಮ ರೈಲುಮಾರ್ಗದ ನಿಲ್ದಾಣಕ್ಕೆ ಅಂಟಿದ ಕೇರಿಗೆ ಗೋಪುರ ಬರುತ್ತದೆ. ತ್ಯಾಜ್ಯದ ಗುಡ್ಡದ ಬುಡದ ಕೇರಿ ಇದ್ದಲ್ಲೇ ಇರುತ್ತದೆ.

ಪೇಟೆ ಕುಸಿದರೆ ನಡುವಿನಲ್ಲೇ ಕೆಲಸ ನಿಲ್ಲುತ್ತದೆ. ಎರಡು ವರ್ಷದ ವಿಳಂಬವೆಂದರೆ ಬಾಡಿಗೆಯೊಂದರಲ್ಲೇ ಮತ್ತೆ 2.4 ಕೋಟಿ, ಬಡ್ಡಿ ಬೇರೆ. ಆಗ ಮೊದಲು ನಿಲ್ಲುವುದು ನಿವಾಸಿಗಳ ಬಾಡಿಗೆಯ ಚೆಕ್ಕು. ಯೋಜನೆ ಹದಗೆಟ್ಟಿದೆಯೆಂಬುದನ್ನು ಫಲಕ ನೋಡಿ ತಿಳಿಯಬೇಕಾಗಿಲ್ಲ: ಚೆಕ್ಕು ಬರುತ್ತಿದೆಯೇ, ಮಾರಾಟದ ಕಟ್ಟಡ ಏರುತ್ತಿರುವಾಗ ಪುನರ್ವಸತಿಯ ಕಟ್ಟಡ ಪಾಯದಲ್ಲೇ ಕುಳಿತಿದೆಯೇ ಎಂದು ನೋಡಿದರೆ ಸಾಕು. ಗುಡಿಸಲು ಹೋಗಿದೆ, ಮನೆ ಬಂದಿಲ್ಲ, ಬಾಡಿಗೆ ನಿಂತಿದೆ ಎಂಬ ಸ್ಥಿತಿ ಕೆಡಹುವಿಕೆಗಿಂತ ಬೇರೆಯೇನಲ್ಲ.

ಮನೆ ದೊರೆತವರ ಲೆಕ್ಕವೂ ಸುಲಭದ್ದಲ್ಲ. ನಿರ್ವಹಣೆಗೆಂದು ಬಿಲ್ಡರನು ಪ್ರತಿ ಮನೆಗೆ 20,000 ರೂಪಾಯಿಯ ಠೇವಣಿ ಇಡಬೇಕೆಂಬುದು ಮೂಲ ನಿಯಮ. ಮೊತ್ತ ಮುಂದೆ ಹೆಚ್ಚಿತು. ನೂರು ಮನೆಗಳಿಗೆ 20 ಲಕ್ಷ. ಶೇಕಡ ಏಳರ ಬಡ್ಡಿ ಹಿಡಿದರೂ ವರ್ಷಕ್ಕೆ 1.4 ಲಕ್ಷ, ತಿಂಗಳಿಗೆ ಒಂದು ಮನೆಯ ಪಾಲು 117 ರೂಪಾಯಿ. ಲಿಫ್ಟಿನ ವಿದ್ಯುತ್ತು, ನೀರಿನ ಪಂಪು, ಗುಡಿಸುವವರ ಸಂಬಳ ಇದರಲ್ಲಿ ತೂಗುವುದಿಲ್ಲ. ಲಿಫ್ಟು ನಿಲ್ಲುತ್ತದೆ. ಏಳನೆಯ ಮಹಡಿಯ ಹಪ್ಪಳ ಮಾಡುವ ಹೆಂಗಸು, ಕೈಗಾಡಿಯ ವ್ಯಾಪಾರಿ ತಮ್ಮ ಸರಕನ್ನು ಎಲ್ಲಿ ಇಡಬೇಕು? ಗುಡಿಸಲು ಮನೆಯೂ ಹೌದು, ಕಾರ್ಖಾನೆಯೂ ಹೌದು ಎಂಬುದನ್ನು ನಕ್ಷೆ ಬರೆದವರು ಮರೆತಿದ್ದರು. ವಿಕ್ರಯಕ್ಕೆ ನಿಷೇಧವಿದ್ದರೂ ಕೆಲವರು ಮುಖತ್ಯಾರ ಪತ್ರದ ಮೇಲೆ ಮನೆಯನ್ನು ಬಿಟ್ಟುಕೊಟ್ಟು ಹೋಗುತ್ತಾರೆ. ಬಿಟ್ಟಿ ಮನೆಯನ್ನು ಮಾರಿಕೊಂಡರೆಂದು ಅವರನ್ನು ದೂರುವುದು ನಮ್ಮ ವಸಾಹತುಗಳ ಸಭೆಗಳಲ್ಲಿ ಸಾಮಾನ್ಯ. ತಿಂಗಳ ನಿರ್ವಹಣೆಯ ಬಿಲ್ಲು ಕುಟುಂಬದ ಆದಾಯದ ಎಷ್ಟನೆಯ ಪಾಲೆಂದು ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಲೆಕ್ಕದಲ್ಲಿ ಒಬ್ಬನ ಹೆಸರು ಬಂದೇ ಇಲ್ಲ. ಕೇರಿಯ ನೂರು ಗುಡಿಸಲುಗಳಲ್ಲಿ ಮೂವತ್ತಕ್ಕೆ ಅಟ್ಟವಿದೆಯೆಂದುಕೊಳ್ಳೋಣ. ಏಣಿ ಹತ್ತಿ ಹೋಗುವ ಆ ಅಟ್ಟಗಳಲ್ಲಿ ಬಾಡಿಗೆಯ ಕುಟುಂಬಗಳಿವೆ. ನಗರಕ್ಕೆ ಹೊಸದಾಗಿ ಬಂದವರು, ಕಟ್ಟಡದ ಕೂಲಿಯವರು, ಮನೆಗೆಲಸದವರು ಹೆಚ್ಚಾಗಿ ಅವರೇ. ಅರ್ಹರ ಪಟ್ಟಿ ಬರೆಯುವಾಗ ತಾರೀಖಿನ ಮುಂಚಿನ ಪುರಾವೆಯುಳ್ಳ ಗುಡಿಸಲಿನವನಿಗೆ ಮನೆ; ಅಟ್ಟದ ಬಾಡಿಗೆಯವನಿಗೆ ಏನೂ ಇಲ್ಲ. ಹೊಸ ಕಟ್ಟಡದ ಮನೆಯಲ್ಲಿ ಅಟ್ಟವೂ ಇಲ್ಲ. ಕೇಂದ್ರ ಸರಕಾರವು 2020ರಲ್ಲಿ ವಲಸಿಗರಿಗಾಗಿ ಬಾಡಿಗೆ ವಸತಿಯ ಯೋಜನೆಯೊಂದನ್ನು ಸಾರಿತು. ಚಾಳಗಳು ನಿಂತಲ್ಲಿಂದ ಆರಂಭಿಸಬೇಕಾದ ಆ ಕೆಲಸ ಅಗತ್ಯದ ಮುಂದೆ ತೀರ ಸಣ್ಣದಾಗಿಯೇ ಉಳಿದಿದೆ. ಹೀಗಾಗಿ ಕೆಡಹುವ ದಿನ ಆ ಮೂವತ್ತು ಕುಟುಂಬಗಳು ಪಾತ್ರೆಪಗಡಗಳನ್ನು ಟೆಂಪೋಗೆ ಏರಿಸಿಕೊಂಡು ಇನ್ನೂ ಉತ್ತರಕ್ಕೆ, ಖಾರಿಯ ದಂಡೆಗೋ ಕಾಡಿನ ಅಂಚಿಗೋ ಹೋಗುತ್ತವೆ. ಅಲ್ಲಿ ಠೇವಣಿ ಕೇಳುವವನೊಬ್ಬನು ಆಗಲೇ ನಿಂತಿರುತ್ತಾನೆ.