ಐದು ಶೇರ್, ಐದು ಮನೆ: ಗಜಲ್‌ನ ದ್ವಿಪದಿ ತನ್ನ ಕಾಲ ಮೇಲೆ ನಿಲ್ಲುವ ಬಗೆ

ವೃತ್ತಿಯಲ್ಲಿ ನಾನು ಚಾರ್ಟರ್ಡ್ ಅಕೌಂಟೆಂಟ್. ಸಾಹಿತ್ಯಗೋಷ್ಠಿಯಲ್ಲಿ ಲೆಕ್ಕಿಗನಿಗೇನು ಕೆಲಸ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಗಜಲ್‌ಗೂ ಒಂದು ಲೆಕ್ಕವಿದೆ, ಅದರ ಒಂದು ಬಾಬಿನ ಬಗ್ಗೆ ಮಾತ್ರ ಇಂದು ಮಾತಾಡುತ್ತೇನೆ. ಗಜಲ್‌ನ ಪ್ರತಿ ದ್ವಿಪದಿಯೂ ಸ್ವತಂತ್ರವಾಗಿ ನಿಲ್ಲಬೇಕು ಎನ್ನುತ್ತಾರೆ. ಎಲ್ಲ ದ್ವಿಪದಿಗಳೂ ಒಂದೇ ಮಾತಿನಲ್ಲಿ ಮುಗಿಯಬೇಕು ಎಂದೂ ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ಸಾಧಿಸುವುದು ಹೇಗೆ?

ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಗಜಲ್‌ನ ಎರಡು ಸಾಲಿನ ಘಟಕಕ್ಕೆ ಶೇರ್ ಎಂದು ಹೆಸರು. ಸಾಮಾನ್ಯವಾಗಿ ಐದಾದರೂ ಶೇರ್ ಇರುತ್ತವೆ, ಎಲ್ಲಕ್ಕೂ ಒಂದೇ ಛಂದಸ್ಸು. ಕೊನೆಯಲ್ಲಿ ಬದಲಾಗದೆ ಮರಳಿ ಬರುವ ಪದ ರದೀಫ್. ಅದರ ಹಿಂದೆ ಬರುವ ಪ್ರಾಸಪದ ಕಾಫಿಯಾ. ಮೊದಲ ಶೇರ್, ಅಂದರೆ ಮತ್ಲಾದಲ್ಲಿ, ಎರಡೂ ಸಾಲು ಕಾಫಿಯಾ ಮತ್ತು ರದೀಫಿನಿಂದ ಮುಗಿಯುತ್ತವೆ. ಉಳಿದವುಗಳಲ್ಲಿ ಎರಡನೆಯ ಸಾಲು ಮಾತ್ರ. ಕವಿ ತನ್ನ ಹೆಸರು ಸೇರಿಸುವ ಕೊನೆಯ ಶೇರ್ ಮಕ್ತಾ.

ಕನ್ನಡಕ್ಕೆ ಈ ರೂಪ ಬಂದದ್ದು ರಾಯಚೂರಿನ ಕಡೆಯಿಂದ. ಅದು ಅಂದು ನಿಜಾಮರ ಹೈದರಾಬಾದ್ ಸಂಸ್ಥಾನದ ನೆಲ, ಶಾಲೆಯಲ್ಲಿ ಮತ್ತು ಕಚೇರಿಯಲ್ಲಿ ಉರ್ದು ನಡೆಯುತ್ತಿತ್ತು. ಹೆಂಬೇರಾಳದ ಶಾಂತರಸರು ಆ ಉರ್ದುವನ್ನು ಅರಗಿಸಿಕೊಂಡು ಕನ್ನಡದಲ್ಲಿ ಗಜಲ್ ಬರೆದರು. 2006ರ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ.

ಬಿಡಿಬಿಡಿಯಾಗಿ ನಿಲ್ಲುವ ಪದ್ಯಗಳು, ಎಲ್ಲಕ್ಕೂ ಒಂದೇ ಕೊನೆ: ಇದು ನಮಗೆ ಹೊಸದಲ್ಲ. ಸರ್ವಜ್ಞನ ತ್ರಿಪದಿ ಹಾಗೇ ಇದೆ. 1943ರಲ್ಲಿ ಬಂದ ಡಿವಿಜಿಯವರ ಮಂಕುತಿಮ್ಮನ ಕಗ್ಗವೂ ಹಾಗೇ. ಆದರೆ ಒಂದು ವ್ಯತ್ಯಾಸ ನೋಡಿ. ಕಗ್ಗದಲ್ಲಿ 'ಮಂಕುತಿಮ್ಮ' ಎಂಬುದು ಸಂಬೋಧನೆ. ವಾಕ್ಯ ಮುಗಿದ ಮೇಲೆ ಬರುವ ಕರೆ ಅದು, ಹಾಗಾಗಿ ಯಾವ ಪದ್ಯದ ಕೊನೆಗಾದರೂ ಕೂರುತ್ತದೆ. ಗಜಲ್‌ನ ರದೀಫ್ ಸಾಮಾನ್ಯವಾಗಿ ವಾಕ್ಯದ ಒಳಗಿರುತ್ತದೆ. ಅದಿಲ್ಲದೆ ವಾಕ್ಯ ಮುಗಿಯುವುದಿಲ್ಲ. ಹಾಗಾಗಿ ಶೇರ್ ಸ್ವತಂತ್ರವಾಗುತ್ತದೋ ಇಲ್ಲವೋ ಎಂಬುದು ಮುಕ್ಕಾಲು ಪಾಲು ರದೀಫ್ ಆರಿಸಿದಾಗಲೇ ತೀರ್ಮಾನವಾಗಿಬಿಡುತ್ತದೆ.

ಕನ್ನಡದ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ರದೀಫಿಗೆ ಮೊದಲು ಕೈಗೆ ಸಿಗುವುದೇ ಕ್ರಿಯಾಪದ. 'ಬಂದಳು' ಎಂದು ಆರಿಸಿದಿರಿ ಎನ್ನಿ. ಆ ಪದದೊಳಗೇ 'ಅವಳು' ಕುಳಿತಿದ್ದಾಳೆ. ಐದು ಶೇರ್‌ಗಳಲ್ಲೂ ಅವಳೇ ಬರುತ್ತಾಳೆ, ಓದುವವರು ಐದನ್ನೂ ಒಬ್ಬಳ ಕಥೆಯಾಗಿ ಹೊಲಿದುಬಿಡುತ್ತಾರೆ. ಕೊಲ್ಲಿಯಲ್ಲಿರುವ ನಮ್ಮ ಕೂಟಗಳಲ್ಲಿ ಹೆಚ್ಚು ಕೇಳುವ ರದೀಫ್ ಇನ್ನೊಂದು: 'ನೆನಪಾಗುತ್ತದೆ'. ಮನೆ ನೆನಪಾಗುತ್ತದೆ, ಜಾತ್ರೆ ನೆನಪಾಗುತ್ತದೆ, ಮಳೆ ನೆನಪಾಗುತ್ತದೆ. ಭಾವ ನಿಜವೇ, ಆದರೆ ಇದು ಪಟ್ಟಿ. ಒಂದು ಶೇರ್ ತೆಗೆದರೆ ಏನೂ ಕಡಿಮೆಯಾಗುವುದಿಲ್ಲ, ಒಂದನ್ನೇ ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ಪರದೇಶದಲ್ಲಿ ಬದುಕುವ ನಮ್ಮ ಬರವಣಿಗೆಯೆಲ್ಲ ಒಂದೇ ಹಳಹಳಿಕೆಗೆ ಸೇರಿಹೋಗುವುದಕ್ಕೆ ಇಂಥ ರದೀಫೂ ಒಂದು ಕಾರಣ.

ಕನ್ನಡದಲ್ಲೇ ಇದಕ್ಕೆ ಪರಿಹಾರವಿದೆ. ಇಲ್ಲ, ಬೇಡ, ಸಾಕು, ಬೇಕು ಇವು ಲಿಂಗ, ವಚನ, ಪುರುಷ ಯಾವುದಕ್ಕೂ ಬಗ್ಗುವುದಿಲ್ಲ. ನಾನು ಇಲ್ಲ, ಅವಳು ಇಲ್ಲ, ಮಳೆ ಇಲ್ಲ: ಮೂರಕ್ಕೂ ಒಂದೇ 'ಇಲ್ಲ'. ಇಂಥ ಪದಕ್ಕೆ ಪ್ರತಿ ಶೇರ್‌ನಲ್ಲೂ ಬೇರೆ ಕರ್ತೃ ಕೊಡಬಹುದು. ಕ್ರಿಯಾಪದವಲ್ಲದ ಪದಗಳೂ ಹೀಗೆ ಒದಗುತ್ತವೆ. ಇವತ್ತಿನ ಉದಾಹರಣೆಗೆ ನಾನು ಆರಿಸಿರುವುದು 'ಬಾಕಿ'. ಅರಬ್ಬಿಯಿಂದ ಉರ್ದುವಿಗೆ ಬಂದು, ಅಲ್ಲಿಂದ ನಮ್ಮ ಖಾತೆಪುಸ್ತಕಕ್ಕೆ ಬಂದ ಪದ. ಅದಕ್ಕೆ 'ಉಳಿದಿದೆ' ಎಂಬ ಅರ್ಥವೂ ಇದೆ, 'ಕೊಡಬೇಕಾದ ಹಣ' ಎಂಬ ಅರ್ಥವೂ ಇದೆ. ಈ ಎರಡು ಅರ್ಥಗಳ ನಡುವೆ ಓಡಾಡಲು ಶೇರ್‌ಗಳಿಗೆ ಜಾಗ ಸಿಗುತ್ತದೆ.

ಮುಂದಿನದು ಕಾಫಿಯಾ. ಇಲ್ಲಿ ಕನ್ನಡ ನಮಗೆ ಒಂದು ಸುಲಭದ ಗುಂಡಿ ತೋಡಿಟ್ಟಿದೆ: ವಿಭಕ್ತಿ ಪ್ರತ್ಯಯ. ಮನೆಯಲ್ಲಿ, ಹೊಲದಲ್ಲಿ, ಎದೆಯಲ್ಲಿ ಎಂದರೆ ಕಿವಿಗೆ ಪ್ರಾಸದಂತೆ ಕೇಳುತ್ತದೆ. 'ಅಲ್ಲಿ' ತೆಗೆದು ನೋಡಿ. ಮನೆ, ಹೊಲ, ಎದೆ ಉಳಿಯುತ್ತವೆ, ಅವುಗಳಲ್ಲಿ ಪ್ರಾಸವಿಲ್ಲ. ಪ್ರತ್ಯಯವನ್ನೇ ಮತ್ತೆ ಮತ್ತೆ ತಂದು ಪ್ರಾಸವೆನ್ನುವುದನ್ನು ಉರ್ದುವಿನವರು 'ಈತಾ' ಎಂಬ ದೋಷವಾಗಿ ಎಣಿಸುತ್ತಾರೆ. ಪ್ರಾಸ ಪದದ ಮೈಯಲ್ಲೇ ಇರಬೇಕು.

ಶೇರ್ ಬರೆಯುವ ಮೊದಲೇ ನಾನು ಕಾಫಿಯಾಗಳ ಪಟ್ಟಿ ಮಾಡಿಕೊಳ್ಳುತ್ತೇನೆ. 'ಬಾಕಿ'ಯ ಹಿಂದೆ 'ಆರಿ' ಎಂಬ ಧ್ವನಿ ಇಟ್ಟರೆ ಸಿಗುವುದು: ದಾರಿ, ಬಾರಿ, ಸವಾರಿ, ತಯಾರಿ, ಅಂಬಾರಿ, ಜವಾಬ್ದಾರಿ, ಸರ್ಕಾರಿ, ಮತ್ತು ತಣ್ಣಗಾಗುವ ಅರ್ಥದ 'ಆರಿ'. ಸೇರಿ, ಊರಿ ಈ ಪಟ್ಟಿಗೆ ಬರುವುದಿಲ್ಲ, ಏಕೆಂದರೆ 'ರಿ'ಯ ಹಿಂದಿನ ಸ್ವರ ಬೇರೆ. ಪಟ್ಟಿಯನ್ನೇ ನೋಡಿ, ಒಂದೊಂದು ಪದವೂ ಒಂದೊಂದು ಲೋಕದಿಂದ ಬಂದಿದೆ. ಸರ್ಕಾರಿ ಎಂದರೆ ಕಚೇರಿ, ಅಂಬಾರಿ ಎಂದರೆ ದಸರಾ, ಆರಿ ಎಂದರೆ ಅಡುಗೆಮನೆ. ಶೇರ್‌ಗಳು ಬೇರೆ ಬೇರೆ ಮನೆಯವಾಗುವುದು ಇಲ್ಲಿಂದಲೇ. ರದೀಫ್ ಎಲ್ಲರನ್ನೂ ಒಂದು ಬೀದಿಗೆ ತರುತ್ತದೆ, ಕಾಫಿಯಾ ಒಬ್ಬೊಬ್ಬರಿಗೆ ಒಂದೊಂದು ಮನೆ ಕೊಡುತ್ತದೆ.

ಈಗ ಕಟ್ಟೋಣ. 'ದಾರಿ ಬಾಕಿ' ಎಂದು ತಾಳ ಹಾಕಿ, ಮೂರು ಮೂರು ಮಾತ್ರೆ ಬರುತ್ತದೆ. ಅಂಥ ಏಳು ಗಣ, ಅಂದರೆ ಸಾಲಿಗೆ 21 ಮಾತ್ರೆ ಇಟ್ಟುಕೊಳ್ಳೋಣ. ಮತ್ಲಾ ಹೀಗಿರಲಿ:

ಊರು ಬಿಟ್ಟು ವರುಷವಾಯ್ತು, ಅರ್ಧ ದಾರಿ ಬಾಕಿ
ತಿರುಗಿ ನೋಡಲೆಂದು ನಿಂತೆ, ಒಂದು ಬಾರಿ ಬಾಕಿ

ಎರಡನೆಯ ಶೇರ್‌ಗೆ 'ಜವಾಬ್ದಾರಿ' ತೆಗೆದುಕೊಳ್ಳೋಣ. ಮೊದಲ ಕರಡು ಹೀಗೆ ಬಂತು ಎಂದುಕೊಳ್ಳಿ:

ಅಲ್ಲಿ ಯಾರು ಇಲ್ಲವೆಂದು ಬೀಗ ಹಾಕಿ ಬಂದೆ
ಕೈಯೊಳಿರುವ ಕೀಲಿ ಭಾರ, ಜವಾಬ್ದಾರಿ ಬಾಕಿ

ಮಾತ್ರೆ ಸರಿಯಾಗಿದೆ, ಕಾಫಿಯಾ ಮತ್ತು ರದೀಫ್ ಸರಿಯಾಗಿವೆ. ಆದರೆ 'ಅಲ್ಲಿ' ಎಂದರೆ ಎಲ್ಲಿ? ಮತ್ಲಾದ ಊರು ಎಂದು ಓದುವವರು ತುಂಬಿಕೊಳ್ಳುತ್ತಾರೆ. ಅಂದರೆ ಈ ಶೇರ್ ಪಕ್ಕದ ಮನೆಯ ಸಾಲದಲ್ಲಿ ಬದುಕುತ್ತಿದೆ. ಅವನು, ಅದು, ಅಲ್ಲಿ, ಆಮೇಲೆ, ಆದರೆ, ಹಾಗಾಗಿ: ಶೇರ್‌ನ ಮೊದಲ ಸಾಲಲ್ಲಿ ಇಂಥ ಪದ ಕಂಡರೆ ಕೂಡಲೇ ಅನುಮಾನಿಸಿ. ಅದು ಯಾರನ್ನು ತೋರಿಸುತ್ತಿದೆಯೋ ಅವರು ಆ ಎರಡು ಸಾಲಿನೊಳಗೇ ಇರಬೇಕು. ತಿದ್ದುವುದು ಕಷ್ಟವಲ್ಲ, ಜಾಗದ ಹೆಸರನ್ನು ಒಳಗೆ ತಂದರಾಯಿತು:

ಅಪ್ಪನಿಲ್ಲದಂಥ ಮನೆಗೆ ಬೀಗ ಹಾಕಿ ಬಂದೆ
ಕೈಯೊಳಿರುವ ಕೀಲಿ ಭಾರ, ಜವಾಬ್ದಾರಿ ಬಾಕಿ

ಈಗ ಇದು ವಿದೇಶಕ್ಕೆ ಬಂದವನದ್ದೇ ಆಗಬೇಕಿಲ್ಲ. ಹುಬ್ಬಳ್ಳಿಯಲ್ಲೇ ಇದ್ದು ಹಳ್ಳಿಯ ಮನೆ ಮುಚ್ಚಿ ಬಂದವನದೂ ಹೌದು. ಸ್ವತಂತ್ರವಾದ ಕೂಡಲೇ ಶೇರ್ ಹೆಚ್ಚು ಜನರಿಗೆ ಸೇರಿತು.

ಇನ್ನೊಂದು ಬಗೆಯ ಸೋಲು ಇದೆ:

ಬೆಟ್ಟದಾಚೆ ಸೂರ್ಯ ಮುಳುಗಿ ಊರು ಕತ್ತಲಾಯ್ತು
ಹಕ್ಕಿ ಗೂಡು ಸೇರಿಕೊಂಡು ಮರದ ದಾರಿ ಬಾಕಿ

ಹಕ್ಕಿ ಗೂಡು ಸೇರಿತಲ್ಲ, ಮತ್ತೆ ಯಾವ ದಾರಿ ಬಾಕಿ? ಇಲ್ಲಿ ರದೀಫ್ ಕೆಲಸ ಮಾಡುತ್ತಿಲ್ಲ, ಹಾಜರಿ ಹಾಕುತ್ತಿದೆ. ಪರೀಕ್ಷೆ ಸುಲಭ: ರದೀಫ್ ಮುಚ್ಚಿಟ್ಟು ಓದಿ. ಮಾತು ಅಷ್ಟಕ್ಕೇ ಮುಗಿದಿದ್ದರೆ ಅಥವಾ ರದೀಫ್ ಬಂದು ಅರ್ಥ ಕೆಟ್ಟರೆ, ಆ ಶೇರ್ ಇನ್ನೂ ಆಗಿಲ್ಲ. ಒಳ್ಳೆಯ ಶೇರ್‌ನಲ್ಲಿ ಮೊದಲ ಸಾಲು ಒಂದು ಕುತೂಹಲ ಹುಟ್ಟಿಸುತ್ತದೆ, ಕಾಫಿಯಾ ಅದನ್ನು ತಿರುಗಿಸುತ್ತದೆ, ರದೀಫ್ ಬಾಗಿಲು ಹಾಕುತ್ತದೆ. ಮುಷಾಯಿರಾದಲ್ಲಿ ಮೊದಲ ಸಾಲನ್ನು ಎರಡೆರಡು ಸಲ ಹೇಳಿ ನಿಲ್ಲಿಸುವುದು ಆ ಕುತೂಹಲಕ್ಕಾಗಿಯೇ. ಈ ಶೇರ್ ನೋಡಿ:

ಯಾರು ಮೊದಲು ಮಾತನಾಡಬೇಕು ಎಂಬ ಹಟಕೆ
ಎರಡು ಲೋಟದಲ್ಲಿ ಚಹವು ಹಾಗೆ ಆರಿ ಬಾಕಿ

ಮತ್ಲಾಗೂ ಇದಕ್ಕೂ ಸಂಬಂಧವೇ ಇಲ್ಲ. ಗಂಡಹೆಂಡಿರೋ ಗೆಳೆಯರೋ, ನೀವೇ ತುಂಬಿಕೊಳ್ಳಬಹುದು, ತುಂಬಿಕೊಳ್ಳದಿದ್ದರೂ ನಷ್ಟವಿಲ್ಲ. ಹಿಂದಿನ ಶೇರ್‌ಗಳಲ್ಲಿ ಕಾಫಿಯಾ ನಾಮಪದವಾಗಿತ್ತು, ಇಲ್ಲಿ 'ಆರಿ' ಕ್ರಿಯೆ. ಮುಂದಿನದರಲ್ಲಿ 'ಬಾಕಿ'ಯೇ ತನ್ನ ಇನ್ನೊಂದು ಅರ್ಥಕ್ಕೆ ಹೊರಳುತ್ತದೆ:

ಬಿತ್ತಿ ಕಾದ ರೈತ ಮುಗಿಲ ನೋಡಿ ನೋಡಿ ದಣಿದ
ಜೋಳವಿಲ್ಲ, ಹೊಲದಿ ಬೆಳೆಯಿತು ಸರ್ಕಾರಿ ಬಾಕಿ

ಮಕ್ತಾದಲ್ಲಿ ಕಾವ್ಯನಾಮ ಹಾಕುವುದು ರೂಢಿ, ಕಡ್ಡಾಯವಲ್ಲ. ನನ್ನ ಕಸುಬನ್ನೇ ಹೆಸರಾಗಿ ಇಡುತ್ತೇನೆ:

ಲೆಕ್ಕಿಗನಿಗೆ ಲೆಕ್ಕವೆಲ್ಲ ತಾಳೆಯಾಯ್ತು ನೋಡು
ತನ್ನ ಖಾತೆ ಮುಚ್ಚಬೇಕು, ಆ ತಯಾರಿ ಬಾಕಿ

ಐದೂ ಆಯಿತು. ಈಗ ಕೊನೆಯ ತಪಾಸಣೆ. ಐದು ಶೇರ್‌ಗಳನ್ನು ಐದು ಚೀಟಿಗಳಲ್ಲಿ ಬರೆದು ಕಲಸಿ. ಮತ್ಲಾ ಮೊದಲು, ಮಕ್ತಾ ಕೊನೆಗೆ ಇರಲಿ, ನಡುವಿನ ಮೂರನ್ನು ಸಿಕ್ಕ ಕ್ರಮದಲ್ಲಿ ಓದಿ. ಎಲ್ಲೂ ಎಡವದಿದ್ದರೆ ಒಳ್ಳೆಯದು. ಆಮೇಲೆ ಒಂದು ಚೀಟಿಯನ್ನು ಉಳಿದವು ಗೊತ್ತಿಲ್ಲದ ಗೆಳೆಯರ ಕೈಗೆ ಕೊಡಿ. 'ಯಾರ ಬಗ್ಗೆ ಇದು?' ಎಂದು ಅವರು ಕೇಳಿದರೆ ಆ ಚೀಟಿ ಮತ್ತೆ ಮೇಜಿಗೆ ಬರಲಿ.

ಈ ನಿಯಮಕ್ಕೆ ಮಿತಿಯೂ ಇದೆ. ಒಂದೇ ವಿಷಯವನ್ನು ಮೊದಲಿಂದ ಕೊನೆಯವರೆಗೆ ನಡೆಸುವ ಗಜಲ್‌ಗೆ ಮುಸಲ್ಸಲ್ ಗಜಲ್ ಎಂದು ಹೆಸರಿದೆ, ಅದೂ ಪರಂಪರೆಯದೇ. ರದೀಫೇ ಇಲ್ಲದ, ಕಾಫಿಯಾ ಮಾತ್ರ ಇರುವ ಗಜಲ್‌ಗಳೂ ಇವೆ. ಒಂದೇ ಕಥೆ ಹೇಳುವುದು ತಪ್ಪಲ್ಲ. ಹೇಳಬೇಕೆಂದು ಹೇಳುವುದು ಬೇರೆ, ರದೀಫ್ ಎಳೆದುಕೊಂಡು ಹೋದಲ್ಲಿಗೆ ಹೋಗುವುದು ಬೇರೆ.

ನಮ್ಮಲ್ಲಿ ಹೆಚ್ಚಿನವರು ಬರೆಯುವುದು ಪಾಳಿಯ ನಡುವೆ, ಬಸ್ಸಿನಲ್ಲಿ, ಫೋನಿನ ಮೇಲೆ. ಒಂದೇ ಶೇರ್ ಬರೆದು ನಿಲ್ಲಿಸಿ ತಿಂಗಳು ಬಿಟ್ಟು ಇನ್ನೊಂದನ್ನು ಬರೆದರೂ ಗಜಲ್ ಒಡೆಯುವುದಿಲ್ಲ. ಅಂದಿನ ಮನಸ್ಸು ಬೇರೆ, ಇಂದಿನದು ಬೇರೆ, ಆ ಎರಡನ್ನೂ ಒಂದೇ ಪದ ಹಿಡಿದಿಡುತ್ತದೆ. ಊರಿನ ನೆನಪಿಗೆ ಒಂದು ಶೇರ್ ಸಾಕು. ಉಳಿದ ನಾಲ್ಕು ಇಲ್ಲಿನ ಬದುಕಿಗೆ, ಜಗಳಕ್ಕೆ, ನಗುವಿಗೆ, ಸಂಬಳದ ದಿನಕ್ಕೆ ಇರಲಿ. ನನ್ನ ಪಟ್ಟಿಯಲ್ಲಿ ಸವಾರಿ, ಅಂಬಾರಿ ಇನ್ನೂ ಬಳಕೆಯಾಗದೆ ಉಳಿದಿವೆ. ಬೇಕಾದವರು ತೆಗೆದುಕೊಳ್ಳಿ, ಮುಂದಿನ ಸಭೆಯಲ್ಲಿ ಕೇಳೋಣ.